ಕರೆನ್ಸಿ ಬೋರ್ಡೋ, ಡಾಲರೀಕರಣವೋ? ಅರ್ಜೆಂಟೀನಾ ಮತ್ತು ಈಕ್ವೆಡಾರ್ ಎದುರುಬದುರು

ನಮ್ಮ ರಿಸರ್ವ್ ಬ್ಯಾಂಕ್ ಎರಡು ತಿಂಗಳಿಗೊಮ್ಮೆ ಕೂತು ರೆಪೊ ದರ ಎಷ್ಟಿರಬೇಕು ಅಂತ ತೀರ್ಮಾನಿಸುತ್ತದೆ. ಡಾಲರಿನ ಎದುರು ರೂಪಾಯಿ ಜಾರಿದರೆ, ಎಷ್ಟು ಜಾರಲು ಬಿಡಬೇಕು ಅನ್ನುವುದೂ ಅದರ ಕೈಯಲ್ಲಿದೆ. ಯಾವುದಾದರೂ ಬ್ಯಾಂಕಿಗೆ ರಾತ್ರೋರಾತ್ರಿ ಹಣ ಬೇಕಾದರೆ ಅದು ಕೊಡಬಲ್ಲದು. ಈ ಮೂರೂ ಸೇರಿದರೆ ಅದೇ ಒಂದು ದೇಶದ ಸ್ವಂತ ಹಣಕಾಸು ನೀತಿ.

ಈ ಅಧಿಕಾರವನ್ನು ತಾವಾಗಿಯೇ ಬಿಟ್ಟುಕೊಟ್ಟ ದೇಶಗಳಿವೆ. ಅವುಗಳಲ್ಲಿ ಕೆಲವು ತಮ್ಮ ನೋಟು ಮುದ್ರಿಸುವ ಯಂತ್ರವನ್ನು ಎಷ್ಟು ಕೆಟ್ಟದಾಗಿ ಬಳಸಿದ್ದವು ಅಂದರೆ, ಅದು ತಮ್ಮ ಕೈಯಲ್ಲಿ ಇರದಿರುವುದೇ ಒಳ್ಳೆಯದು ಎಂಬ ತೀರ್ಮಾನಕ್ಕೆ ಬಂದಿದ್ದವು. ಬಿಟ್ಟುಕೊಡಲು ಮುಖ್ಯವಾಗಿ ಎರಡು ದಾರಿ. ಒಂದು ಕರೆನ್ಸಿ ಬೋರ್ಡ್. ಇಲ್ಲಿ ಸ್ವಂತ ನೋಟು ಉಳಿಯುತ್ತದೆ. ಆದರೆ ಪ್ರತಿ ನೋಟಿನ ಹಿಂದೆ ಕಾನೂನಿನಂತೆ ಅಷ್ಟೇ ಬೆಲೆಯ ವಿದೇಶಿ ಹಣ ಇರಬೇಕು, ಕೇಳಿದವರಿಗೆಲ್ಲ ನಿಗದಿತ ದರದಲ್ಲಿ ಕೊಡಬೇಕು. ಇನ್ನೊಂದು ಡಾಲರೀಕರಣ. ಇಲ್ಲಿ ಸ್ವಂತ ನೋಟೇ ಇರುವುದಿಲ್ಲ. ಬೇರೆ ದೇಶದ ಹಣವೇ ಅಂಗಡಿಯಲ್ಲೂ ಸಂಬಳದಲ್ಲೂ ನಡೆಯುತ್ತದೆ.

ಒಂದು ಗೊಂದಲವನ್ನು ಮೊದಲೇ ಬಿಡಿಸಿಬಿಡೋಣ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಿಗೆ ದುಬೈನಿಂದ ದಿರ್ಹಮ್ ಬರುತ್ತದೆ. ಅದರ ದರ ಡಾಲರಿಗೆ 3.6725ರಲ್ಲಿ ವರ್ಷಗಳಿಂದ ನಿಂತಿದೆ. ಹಾಗಂತ ಅದು ಕರೆನ್ಸಿ ಬೋರ್ಡ್ ಅಲ್ಲ. ಅಲ್ಲಿನ ಕೇಂದ್ರ ಬ್ಯಾಂಕ್ ಒಂದು ದರವನ್ನು ಕಾಯ್ದುಕೊಂಡು ಬಂದಿದೆ, ಅಷ್ಟೇ. ಕರೆನ್ಸಿ ಬೋರ್ಡಿನಲ್ಲಿ ದರವನ್ನು ಕಾಯುವುದು ಅಧಿಕಾರಿಗಳ ಇಚ್ಛೆಗೆ ಬಿಟ್ಟ ವಿಷಯವಲ್ಲ. ಎಷ್ಟು ನೋಟು ಇರಬಹುದು ಅನ್ನುವುದನ್ನೂ ಕಾನೂನೇ ಕಟ್ಟಿಹಾಕಿರುತ್ತದೆ.

ಇವೆರಡರಲ್ಲಿ ಯಾವುದನ್ನು ಆರಿಸಬೇಕು? ಉತ್ತರ ಹುಡುಕಲು ಲ್ಯಾಟಿನ್ ಅಮೆರಿಕದ ಎರಡು ದೇಶಗಳಿಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಅರ್ಜೆಂಟೀನಾ 1991ರಲ್ಲಿ ಕರೆನ್ಸಿ ಬೋರ್ಡಿನ ದಾರಿ ಹಿಡಿದು, 2002ರಲ್ಲಿ ಅದರಿಂದ ಹೊರಬಿತ್ತು. ಈಕ್ವೆಡಾರ್ 2000ದಲ್ಲಿ ಡಾಲರನ್ನೇ ತಂದುಕೊಂಡಿತು. ಇವತ್ತಿಗೂ ಅಲ್ಲಿ ಡಾಲರೇ ನಡೆಯುತ್ತಿದೆ.

ಬೋರ್ಡಿನ ಲೆಕ್ಕ

ಅರ್ಜೆಂಟೀನಾದಲ್ಲಿ 1989ರ ಹಣದುಬ್ಬರ ಶೇ 3,000 ದಾಟಿತ್ತು. ಮಾರನೆಯ ವರ್ಷವೂ ಶೇ 2,000ಕ್ಕಿಂತ ಜಾಸ್ತಿಯೇ ಇತ್ತು. ಬೆಳಿಗ್ಗೆಯ ಬೆಲೆ ಸಂಜೆಗೆ ನಿಲ್ಲುತ್ತಿರಲಿಲ್ಲ. ಜನ ಮನೆ, ಕಾರುಗಳ ಬೆಲೆಯನ್ನು ಡಾಲರಿನಲ್ಲೇ ಹೇಳುತ್ತಿದ್ದರು. ಅಧ್ಯಕ್ಷ ಕಾರ್ಲೋಸ್ ಮೆನೆಮ್ ಅವರ ಅರ್ಥ ಸಚಿವರಾಗಿ ಬಂದ ಡೊಮಿಂಗೊ ಕವಾಯೊ 1991ರಲ್ಲಿ ಪರಿವರ್ತನೆಯ ಕಾನೂನು ತಂದರು. ಏಪ್ರಿಲ್ 1ರಿಂದ, ಅಲ್ಲಿನ ಆಗಿನ ಹಣವಾದ ಆಸ್ತ್ರಾಲ್ ಲೆಕ್ಕದಲ್ಲಿ, 10,000ಕ್ಕೆ ಒಂದು ಡಾಲರ್. 1992ರ ಜನವರಿಯಲ್ಲಿ ನಾಲ್ಕು ಸೊನ್ನೆ ಕಿತ್ತುಹಾಕಿ ಹೊಸ ಪೆಸೊ ಬಂತು. ಒಂದು ಪೆಸೊ, ಒಂದು ಡಾಲರ್.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಬರೀ ಲೆಕ್ಕಕ್ಕೆಂದು ಒಂದು ದೇಶವನ್ನು ಇಟ್ಟುಕೊಳ್ಳೋಣ. ಅಲ್ಲಿ 1,000 ಕೋಟಿ ಪೆಸೊ ನೋಟುಗಳಿವೆ. ಬೋರ್ಡಿನ ಬಳಿ 1,000 ಕೋಟಿ ಡಾಲರ್ ಇದೆ. ಇಲ್ಲಿ ನೋಟು ಅಂದರೆ ಗೋದಾಮಿನಲ್ಲಿಟ್ಟ ಅಡಿಕೆಗೆ ಕೊಟ್ಟ ರಸೀತಿ ಇದ್ದಂತೆ. ರಸೀತಿ ತಂದರೆ ಮಾಲು ಕೊಡಬೇಕು, ಮಾಲು ಬರದೆ ಹೊಸ ರಸೀತಿ ಬರೆಯುವಂತಿಲ್ಲ. ಜನ ಹೆದರಿ 100 ಕೋಟಿ ಪೆಸೊ ತಂದು ಡಾಲರ್ ಕೇಳಿದರೆ ಬೋರ್ಡ್ ಕೊಡುತ್ತದೆ. ಆಗ 900 ಕೋಟಿ ಪೆಸೊ, 900 ಕೋಟಿ ಡಾಲರ್ ಉಳಿಯುತ್ತವೆ. ನೋಟು ಕಮ್ಮಿಯಾದ್ದರಿಂದ ಬ್ಯಾಂಕುಗಳಲ್ಲಿ ಹಣ ಬಿಗಿಯಾಗುತ್ತದೆ, ಬಡ್ಡಿ ಏರುತ್ತದೆ. ಬಡ್ಡಿ ಏರಿದ್ದಕ್ಕೆ ಹೊರಗಿನಿಂದ ಒಂದಷ್ಟು ಡಾಲರ್ ವಾಪಸ್ ಬರುತ್ತದೆ. ಬಡ್ಡಿ ಎಷ್ಟಿರಬೇಕು ಅಂತ ಯಾರೂ ಸಭೆ ಸೇರಿ ನಿರ್ಧರಿಸುವುದಿಲ್ಲ. ಒಳಗೆ ಹೊರಗೆ ಹರಿಯುವ ಡಾಲರೇ ಅದನ್ನು ನಿರ್ಧರಿಸುತ್ತದೆ.

ಈ ಲೆಕ್ಕದಲ್ಲಿ ಎರಡು ಸೂಕ್ಷ್ಮಗಳಿವೆ. ಅರ್ಜೆಂಟೀನಾದ ಮುಂದಿನ ಕಥೆಯೆಲ್ಲ ಇವುಗಳಲ್ಲೇ ಅಡಗಿದೆ.

ಮೊದಲನೆಯದು, ಆಧಾರ ಇರುವುದು ನೋಟಿಗೆ, ಬ್ಯಾಂಕ್ ಠೇವಣಿಗೆ ಅಲ್ಲ. ಬ್ಯಾಂಕುಗಳು ಅದೇ ಹಣವನ್ನು ಸಾಲ ಕೊಟ್ಟು, ಅದು ಮತ್ತೆ ಠೇವಣಿಯಾಗಿ, 1,000 ಕೋಟಿಯ ಮೇಲೆ 5,000 ಕೋಟಿ ಠೇವಣಿ ನಿಂತಿರಬಹುದು. ಠೇವಣಿದಾರರೆಲ್ಲ ಒಟ್ಟಿಗೆ ಡಾಲರ್ ಕೇಳಿದರೆ ಬೋರ್ಡಿನಲ್ಲಿ ಅಷ್ಟು ಇರುವುದಿಲ್ಲ. ‘ಶೇ 100ರಷ್ಟು ಆಧಾರ’ ಎಂಬ ಮಾತು ಕೇಳಿದ ಜನ ತಮ್ಮ ಬ್ಯಾಂಕ್ ಖಾತೆಗೂ ಅದು ಅನ್ವಯಿಸುತ್ತದೆ ಅಂದುಕೊಳ್ಳುತ್ತಾರೆ. ಅನ್ವಯಿಸುವುದಿಲ್ಲ.

ಎರಡನೆಯದು, ಅರ್ಜೆಂಟೀನಾದ ಕಾನೂನು ಪೂರ್ತಿ ಬಿಗಿಯಾಗಿರಲಿಲ್ಲ. ಆಧಾರದಲ್ಲಿ ಸುಮಾರು ಮೂರನೇ ಒಂದು ಪಾಲಿನವರೆಗೆ ಡಾಲರ್ ಲೆಕ್ಕದ ಸರ್ಕಾರಿ ಸಾಲಪತ್ರ ಇಟ್ಟುಕೊಳ್ಳಬಹುದಿತ್ತು. ನಮ್ಮ ಲೆಕ್ಕಕ್ಕೆ ಇದನ್ನು ಹಾಕಿ ನೋಡಿ. 667 ಕೋಟಿ ಡಾಲರ್, 333 ಕೋಟಿಯ ಸಾಲಪತ್ರ. ಸರ್ಕಾರದ ಮೇಲೆ ನಂಬಿಕೆ ಕುಸಿದು ಸಾಲಪತ್ರದ ಬೆಲೆ ಮೂರನೇ ಒಂದರಷ್ಟು ಬಿತ್ತು ಅನ್ನಿ. ಆಗ ಅದರ ಬೆಲೆ 222 ಕೋಟಿ. ಒಟ್ಟು ಆಧಾರ 889 ಕೋಟಿ, ಅಂದರೆ ನೋಟಿಗಿಂತ ಕಮ್ಮಿ. ಆಧಾರ ಅತ್ಯಂತ ಬೇಕಾದ ದಿನವೇ ಅದು ಕರಗುತ್ತದೆ. ಇಷ್ಟು ಸಡಿಲ ಬಿಟ್ಟಿದ್ದಕ್ಕೇ ಅರ್ಜೆಂಟೀನಾದ್ದು ಶುದ್ಧ ಕರೆನ್ಸಿ ಬೋರ್ಡ್ ಅಲ್ಲ ಅನ್ನುವ ಅರ್ಥಶಾಸ್ತ್ರಜ್ಞರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಕಾನೂನು ಪೂರ್ತಿ ಬಿಗಿಯಾಗಿದ್ದರೆ 2001ರ ಬಿಕ್ಕಟ್ಟು ತಪ್ಪುತ್ತಿತ್ತು ಅಂತ ನನಗನ್ನಿಸುವುದಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ಮೊದಮೊದಲು ಎಲ್ಲ ಚೆನ್ನಾಗಿತ್ತು, ಅದನ್ನು ಮರೆಯಬಾರದು. 1994ರ ಹೊತ್ತಿಗೆ ಹಣದುಬ್ಬರ ಶೇ 4ರ ಆಸುಪಾಸಿಗೆ ಇಳಿದಿತ್ತು. ಒಂದು ತಲೆಮಾರು ಕಂಡಿರದ ಸ್ಥಿರತೆ ಅದು. ಜನ ಹತ್ತಾರು ವರ್ಷದ ಗೃಹಸಾಲ ತೆಗೆದುಕೊಳ್ಳುವ ಧೈರ್ಯ ಮಾಡಿದರು. ಆದರೆ ಆ ಸಾಲಗಳು ಹೆಚ್ಚಾಗಿ ಡಾಲರಿನಲ್ಲಿದ್ದವು. ಒಂದಕ್ಕೆ ಒಂದು ಅಂತ ಕಾನೂನೇ ಹೇಳುವಾಗ, ಬಡ್ಡಿ ಕಮ್ಮಿ ಇರುವ ಡಾಲರ್ ಸಾಲ ಬಿಟ್ಟು ಪೆಸೊ ಸಾಲ ಯಾಕೆ ತೆಗೆದುಕೊಳ್ಳಬೇಕು, ಅಲ್ವಾ?

ಡಾಲರನ್ನೇ ತಂದುಕೊಂಡಾಗ

ಈಕ್ವೆಡಾರ್ ಇಷ್ಟು ಯೋಚಿಸಿ ಇಳಿದದ್ದಲ್ಲ. 1998ರಲ್ಲಿ ಎಲ್ ನಿನೊ ಮಳೆ ಕರಾವಳಿಯ ಬೆಳೆ ಕೊಚ್ಚಿಕೊಂಡು ಹೋಯಿತು. ತೈಲದ ಬೆಲೆ ನೆಲ ಕಚ್ಚಿತ್ತು. ಬ್ಯಾಂಕುಗಳು ಒಂದೊಂದಾಗಿ ಕುಸಿದವು. ಅವನ್ನು ಉಳಿಸಲು ಕೇಂದ್ರ ಬ್ಯಾಂಕ್ ದೇಶದ ಸ್ವಂತ ಹಣವಾದ ಸುಕ್ರೆಯನ್ನು ಮುದ್ರಿಸಿತು, ಜನ ಆ ಸುಕ್ರೆ ಕೊಟ್ಟು ಡಾಲರ್ ಕೊಂಡರು. 1999ರ ಮಾರ್ಚಿನಲ್ಲಿ ಸರ್ಕಾರ ಠೇವಣಿಗಳನ್ನೇ ತಡೆಹಿಡಿಯಿತು. ವರ್ಷದ ಆರಂಭದಲ್ಲಿ ಡಾಲರಿಗೆ ಸುಮಾರು 7,000 ಇದ್ದ ಸುಕ್ರೆ, 2000ದ ಜನವರಿ ಹೊತ್ತಿಗೆ 25,000ಕ್ಕೆ ಬಿದ್ದಿತ್ತು. ಜನವರಿ 9ರಂದು ಅಧ್ಯಕ್ಷ ಹಮೀಲ್ ಮಾವಾದ್ ಡಾಲರೀಕರಣ ಘೋಷಿಸಿದರು. ಎರಡು ವಾರ ತುಂಬುವ ಮುಂಚೆಯೇ ಅವರ ಕುರ್ಚಿ ಹೋಯಿತು. ಅವರ ಜಾಗಕ್ಕೆ ಬಂದ ಗುಸ್ತಾವೊ ನೊಬೊವಾ ಮಾತ್ರ ಆ ನಿರ್ಧಾರವನ್ನು ಕೈಬಿಡಲಿಲ್ಲ. ಮಾರ್ಚಿನಲ್ಲಿ ಕಾನೂನು ಬಂತು, ಸೆಪ್ಟೆಂಬರಿನ ಹೊತ್ತಿಗೆ ಸುಕ್ರೆ ಚಲಾವಣೆಯಿಂದ ಹೋಯಿತು.

ಇದರಲ್ಲಿ ಕಷ್ಟದ ಕೆಲಸ ದರ ನಿಗದಿ. ಹೊರಗಿರುವ ಸುಕ್ರೆಯನ್ನೆಲ್ಲ ಕೊಂಡು ಮುಗಿಸುವಷ್ಟು ಡಾಲರ್ ಕೇಂದ್ರ ಬ್ಯಾಂಕಿನಲ್ಲಿರಬೇಕು. ದರ ಬಿಗಿಯಾಗಿಟ್ಟರೆ, ಅಂದರೆ ಡಾಲರಿಗೆ 10,000 ಅಂತ ಮಾಡಿದರೆ, ಸುಕ್ರೆ ಇಟ್ಟುಕೊಂಡವರಿಗೆ ಲಾಭ, ಆದರೆ ಡಾಲರ್ ಸಾಲದು. 25,000 ಅಂದರೆ ಡಾಲರ್ ಸಾಕಾಗುತ್ತದೆ, ಜನರ ಉಳಿತಾಯ ಮಾತ್ರ ಕರಗಿಹೋಗುತ್ತದೆ. ಈಕ್ವೆಡಾರ್ 25,000ಕ್ಕೆ ನಿಂತಿತು. ಪಿಂಚಣಿಯವರು, ಸುಕ್ರೆಯಲ್ಲಿ ಸಂಬಳ ಪಡೆಯುತ್ತಿದ್ದವರು ಭಾರಿ ಬೆಲೆ ತೆತ್ತರು. ಆ ದಶಕದಲ್ಲಿ ಲಕ್ಷಾಂತರ ಜನ ಸ್ಪೇನ್, ಅಮೆರಿಕಗಳಿಗೆ ಕೆಲಸ ಹುಡುಕಿಕೊಂಡು ಹೋದರು.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಡಾಲರ್ ಬಂದ ಕೂಡಲೇ ಹಣದುಬ್ಬರ ನಿಲ್ಲಲಿಲ್ಲ. 2000ದ ಕೊನೆಗೆ ಅದು ಶೇ 90ರಷ್ಟಿತ್ತು! ಯಾಕೆಂದರೆ 25,000ದ ದರದಲ್ಲಿ ಅಲ್ಲಿನ ಅಕ್ಕಿ, ಬಸ್ ಟಿಕೆಟ್, ಮನೆ ಬಾಡಿಗೆಗಳೆಲ್ಲ ಡಾಲರ್ ಲೆಕ್ಕದಲ್ಲಿ ತೀರಾ ಅಗ್ಗವಾಗಿದ್ದವು. ಅವು ಏರಿ ಏರಿ ಹೊರಗಿನ ಬೆಲೆಗಳ ಹತ್ತಿರ ಬರಬೇಕಿತ್ತು. ಒಂದಂಕಿಗೆ ಇಳಿಯಲು 2003ರವರೆಗೆ ಕಾಯಬೇಕಾಯಿತು.

ಕೇಂದ್ರ ಬ್ಯಾಂಕ್ ಮಾತ್ರ ಮುಚ್ಚಲಿಲ್ಲ. ಚಿಲ್ಲರೆಗಾಗಿ ಸ್ವಂತ ಸೆಂಟಾವೊ ನಾಣ್ಯ ಹೊರಡಿಸುತ್ತದೆ, ಬ್ಯಾಂಕುಗಳ ಮೀಸಲು ಹಣ ಇಟ್ಟುಕೊಳ್ಳುತ್ತದೆ, ಸರ್ಕಾರದ ಖಾತೆ ನೋಡಿಕೊಳ್ಳುತ್ತದೆ. ನೋಟು ಮುದ್ರಿಸಲಾಗದು, ಅಷ್ಟೇ.

ಬಡ್ಡಿಯ ಲೆಕ್ಕದಲ್ಲಿ ಯಾವುದು ಅಗ್ಗ?

ಬೋರ್ಡ್ ಅಗ್ಗ, ಇದರಲ್ಲಿ ವಾದವಿಲ್ಲ. ನಮ್ಮ ಲೆಕ್ಕದ ದೇಶದ 1,000 ಕೋಟಿ ಡಾಲರನ್ನು ಅಮೆರಿಕದ ಸರ್ಕಾರಿ ಸಾಲಪತ್ರದಲ್ಲಿ ಹಾಕಿ ಶೇ 4 ಬಡ್ಡಿ ಬಂದರೆ ವರ್ಷಕ್ಕೆ 40 ಕೋಟಿ ಡಾಲರ್ ಸಿಗುತ್ತದೆ. ಡಾಲರೀಕರಣ ಮಾಡಿದರೆ ಅದೇ 1,000 ಕೋಟಿಯನ್ನು ಜನರ ಜೇಬಿಗೆ ಹಂಚಬೇಕು. ಜೇಬಿನಲ್ಲಿರುವ ಡಾಲರ್ ನೋಟಿಗೆ ಬಡ್ಡಿ ಬರುವುದಿಲ್ಲ. ಆ ಲಾಭ ಅಮೆರಿಕದ ಫೆಡರಲ್ ರಿಸರ್ವ್‌ಗೆ ಹೋಗುತ್ತದೆ. ಆರ್ಥಿಕತೆ ಬೆಳೆದಂತೆ ಜಾಸ್ತಿ ನೋಟು ಬೇಕಾಗುತ್ತದೆ, ಅದನ್ನೂ ರಫ್ತು ಮಾಡಿಯೋ ಸಾಲ ಮಾಡಿಯೋ ಸಂಪಾದಿಸಬೇಕು.

ಆದರೆ ಈ ನಷ್ಟವನ್ನು ದೊಡ್ಡದು ಮಾಡಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ವಿದೇಶಿ ಸಾಲಕ್ಕೆ ಶೇ 10 ಬಡ್ಡಿ ಕಟ್ಟುವ ದೇಶಕ್ಕೆ, ಆ ಬಡ್ಡಿ ಸ್ವಲ್ಪ ಇಳಿದರೂ ಈ 40 ಕೋಟಿ ವಾಪಸ್ ಬಂದಂತೆ. ನಿಜವಾದ ಪ್ರಶ್ನೆ ಬಡ್ಡಿ ಇಳಿಯುತ್ತದೆಯೇ ಅನ್ನುವುದು. ಇಲ್ಲಿ ಎರಡು ಅಪಾಯಗಳನ್ನು ಬೇರೆಬೇರೆಯಾಗಿ ನೋಡಬೇಕು. ಪೆಸೊ ಬೀಳಬಹುದು ಎಂಬ ಭಯ ಒಂದು. ಸರ್ಕಾರ ಸಾಲ ತೀರಿಸದೇ ಇರಬಹುದು ಎಂಬ ಭಯ ಇನ್ನೊಂದು. ಡಾಲರೀಕರಣ ಮೊದಲನೆಯದನ್ನು ಪೂರ್ತಿ ಅಳಿಸುತ್ತದೆ, ಎರಡನೆಯದನ್ನು ಮುಟ್ಟುವುದೂ ಇಲ್ಲ. ಈಕ್ವೆಡಾರ್ ಡಾಲರ್ ಇಟ್ಟುಕೊಂಡೇ 2008ರಲ್ಲಿ ಸಾಲ ಕಟ್ಟುವುದನ್ನು ನಿಲ್ಲಿಸಿತು, 2020ರಲ್ಲಿ ಮತ್ತೆ ಸಾಲದ ಷರತ್ತು ಬದಲಿಸಿಕೊಂಡಿತು.

ಬೇರೆಯವರ ನೋಟನ್ನು ನಂಬುವುದರಲ್ಲಿ ರಾಜಕೀಯದ ಅಪಾಯವೂ ಇದೆ. ಪನಾಮ 1904ರಿಂದ ಡಾಲರ್ ಬಳಸುತ್ತಿದೆ. 1988ರಲ್ಲಿ ನೊರಿಯೇಗ ಅವರ ಆಡಳಿತದ ಮೇಲೆ ಸಿಟ್ಟಾದ ಅಮೆರಿಕ ಪನಾಮದ ಹಣವನ್ನು ತಡೆಹಿಡಿಯಿತು. ನೋಟು ಬರುವುದು ನಿಂತು ಬ್ಯಾಂಕುಗಳು ವಾರಗಟ್ಟಲೆ ಬಾಗಿಲು ಹಾಕಿದವು. ಸರ್ಕಾರಕ್ಕೆ ಸಂಬಳ ಕೊಡುವುದೇ ಕಷ್ಟವಾಯಿತು. ಬೋರ್ಡಿನ ದೇಶದ ಮೀಸಲನ್ನೂ ಹೀಗೆ ತಡೆಹಿಡಿಯಬಹುದು, ನಿಜ. ಆದರೆ ಊರೊಳಗೆ ಕೈಬದಲಾಗಲು ಸ್ವಂತ ನೋಟಾದರೂ ಇರುತ್ತದೆ.

ಕಷ್ಟದ ದಿನ: ಅರ್ಜೆಂಟೀನಾ

ಎರಡೂ ವ್ಯವಸ್ಥೆ ಒಳ್ಳೆಯ ದಿನಗಳಲ್ಲಿ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ತಿಳಿಯುವುದು ಕೆಟ್ಟ ದಿನಗಳಲ್ಲಿ.

ಅರ್ಜೆಂಟೀನಾದ ದೊಡ್ಡ ಗಿರಾಕಿ ಪಕ್ಕದ ಬ್ರೆಜಿಲ್. ಅಮೆರಿಕಕ್ಕೆ ಹೋಗುತ್ತಿದ್ದುದು ಸಣ್ಣ ಪಾಲು. ಆದರೂ ಪೆಸೊ ಅಂಟಿಕೊಂಡಿದ್ದು ಡಾಲರಿಗೆ. ತೊಂಬತ್ತರ ದಶಕದ ಕೊನೆಯಲ್ಲಿ ಡಾಲರ್ ಬಲವಾಯಿತು, ಅದರ ಜೊತೆ ಪೆಸೊವೂ. 1999ರ ಜನವರಿಯಲ್ಲಿ ಬ್ರೆಜಿಲ್ ತನ್ನ ರಿಯಾಲ್ ಅನ್ನು ಬೀಳಲು ಬಿಟ್ಟಿತು. ಡಾಲರಿಗೆ 1.20ರ ಆಸುಪಾಸಿನಲ್ಲಿದ್ದದ್ದು ಕೆಲವೇ ವಾರಗಳಲ್ಲಿ 2ರ ಹತ್ತಿರಕ್ಕೆ ಹೋಯಿತು. ಅರ್ಜೆಂಟೀನಾದ ಕಾರು, ಹಾಲಿನ ಪುಡಿ, ಬಟ್ಟೆ ಎಲ್ಲ ಬ್ರೆಜಿಲ್‌ನವರಿಗೆ ರಾತ್ರೋರಾತ್ರಿ ದುಬಾರಿಯಾದವು.

ಸ್ವಂತ ಹಣಕಾಸು ನೀತಿ ಇರುವ ದೇಶ ಇಂಥ ಹೊತ್ತಿನಲ್ಲಿ ತನ್ನ ಹಣವನ್ನೂ ಸ್ವಲ್ಪ ಜಾರಲು ಬಿಡುತ್ತದೆ. ಬೋರ್ಡಿನ ದೇಶಕ್ಕೆ ಆ ದಾರಿ ಇಲ್ಲ. ಬೆಲೆ ಮತ್ತು ಸಂಬಳಗಳೇ ಇಳಿಯಬೇಕು. ಬೆಲೆ ನಿಧಾನವಾಗಿ ಇಳಿಯಿತು. ಸಂಬಳ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ, ಕೆಲಸಗಳು ಹೋಗುತ್ತವೆ. 1998ರ ನಡುವಿನಲ್ಲಿ ಶುರುವಾದ ಹಿಂಜರಿತ ನಿಲ್ಲಲೇ ಇಲ್ಲ. 2001ರ ಕೊನೆಗೆ ನಿರುದ್ಯೋಗ ಶೇ 18 ದಾಟಿತ್ತು. ಆದಾಯ ಕುಗ್ಗಿದಾಗ ತೆರಿಗೆ ಕುಗ್ಗಿತು, ಸಾಲ ಮಾತ್ರ ಡಾಲರಿನಲ್ಲಿ ಹಾಗೇ ಉಳಿಯಿತು.

ಆಮೇಲೆ ನಡೆದದ್ದು ಬಾಗಿಲಿನತ್ತ ಎಲ್ಲರೂ ನೋಡತೊಡಗಿದ್ದು. ಕರೆನ್ಸಿ ಬೋರ್ಡ್ ಒಂದು ಕಾನೂನು. ಸಂಸತ್ತು ಮಾಡಿದ್ದನ್ನು ಸಂಸತ್ತು ರದ್ದು ಮಾಡಬಹುದು. ಪೆಸೊ ಇನ್ನೂ ಜೇಬಿನಲ್ಲಿದೆ, ಮುದ್ರಣ ಯಂತ್ರ ಇನ್ನೂ ಇದೆ, ಹೊರಹೋಗುವ ದಾರಿ ಇದೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಪೆಸೊ ಸಾಲಕ್ಕೆ ಡಾಲರ್ ಸಾಲಕ್ಕಿಂತ ಹೆಚ್ಚು ಬಡ್ಡಿ ಕೇಳತೊಡಗಿದರು. ಆ ಬಡ್ಡಿಯೇ ಹಿಂಜರಿತವನ್ನು ಇನ್ನಷ್ಟು ಆಳಕ್ಕೆ ಒಯ್ದಿತು.

2001ರಲ್ಲಿ ಮತ್ತೆ ಸಚಿವರಾಗಿ ಬಂದ ಕವಾಯೊ ವ್ಯವಸ್ಥೆಯನ್ನು ಉಳಿಸಲು ತೆಗೆದುಕೊಂಡ ಕ್ರಮಗಳೇ ಜನರನ್ನು ಹೆಚ್ಚು ಹೆದರಿಸಿದವು. ಡಾಲರಿನ ಜೊತೆ ಯೂರೊವನ್ನೂ ಸೇರಿಸಿ ಪೆಸೊವನ್ನು ಎರಡಕ್ಕೂ ಕಟ್ಟುವ ಕಾನೂನು ತಂದರು. ಯೂರೊ ಡಾಲರಿಗೆ ಸಮವಾದ ಮೇಲೆ ಅದು ಜಾರಿಗೆ ಬರಬೇಕಿತ್ತು. ಅಷ್ಟರವರೆಗೆ ರಫ್ತುದಾರರಿಗೆ ಬೇರೆಯೇ ದರ. ಲೆಕ್ಕದಲ್ಲಿ ಇದು ಸರಿಯಾದ ಯೋಚನೆಯೇ. ಆದರೆ ಜನ ಕೇಳಿಸಿಕೊಂಡದ್ದು ಒಂದೇ ಮಾತು: ಒಂದಕ್ಕೆ ಒಂದು ಅನ್ನುವುದನ್ನು ಬದಲಿಸಬಹುದು. ಸ್ವತಂತ್ರವಾಗಿದ್ದ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಪೆದ್ರೊ ಪೋವು ಅವರನ್ನು ಏಪ್ರಿಲಿನಲ್ಲಿ ತೆಗೆದುಹಾಕಿದರು. ಪ್ರಾಂತ್ಯಗಳ ಬಳಿ ಸಂಬಳಕ್ಕೆ ಪೆಸೊ ಇರಲಿಲ್ಲ. ಅವು ಸಾಲಪತ್ರಗಳನ್ನೇ ನೋಟಿನ ಹಾಗೆ ಅಚ್ಚು ಹಾಕಿಸಿ ಹಂಚಿದವು. ಬ್ಯೂನಸ್ ಐರಿಸ್ ಪ್ರಾಂತ್ಯದ ‘ಪಟಕೋನ್’ ಅವುಗಳಲ್ಲಿ ಹೆಸರುವಾಸಿ. ಕೇಂದ್ರದಲ್ಲಿ ಮುಚ್ಚಿದ ಮುದ್ರಣ ಯಂತ್ರ ಪ್ರಾಂತ್ಯಗಳಲ್ಲಿ ತೆರೆದುಕೊಂಡಿತ್ತು.

ಠೇವಣಿ ಸೋರುತ್ತಲೇ ಇತ್ತು. ಡಿಸೆಂಬರ್ ಆರಂಭದಲ್ಲಿ ಸರ್ಕಾರ ಖಾತೆಯಿಂದ ವಾರಕ್ಕೆ 250 ಪೆಸೊಗಿಂತ ಹೆಚ್ಚು ನಗದು ತೆಗೆಯುವಂತಿಲ್ಲ ಅಂದಿತು. ಅಲ್ಲಿನ ಜನ ಅದನ್ನು ಕೊರಾಲಿಟೊ ಅಂತ ಕರೆದರು. ಡಿಸೆಂಬರ್ 19, 20ರಂದು ಜನ ಪಾತ್ರೆ ಬಡಿಯುತ್ತ ಬೀದಿಗಿಳಿದರು, ಹತ್ತಾರು ಜನ ಸತ್ತರು. ಅಧ್ಯಕ್ಷ ದೆ ಲಾ ರುವಾ ರಾಜೀನಾಮೆ ಕೊಟ್ಟರು. ವರ್ಷ ಮುಗಿಯುವ ಮುಂಚೆ ದೇಶ ಸಾಲ ಕಟ್ಟಲಾಗದು ಅಂತ ಘೋಷಿಸಿತು. 2002ರ ಜನವರಿ 6ರಂದು ಕಾನೂನು ರದ್ದಾಯಿತು.

ಹೊರಬೀಳುವ ಬೆಲೆ ಹೇಗಿತ್ತು ನೋಡಿ. ಬ್ಯಾಂಕಿನಲ್ಲಿದ್ದ ಡಾಲರ್ ಸಾಲಗಳನ್ನು ಒಂದು ಡಾಲರಿಗೆ ಒಂದು ಪೆಸೊ ಅಂತ ಬದಲಿಸಿದರು. ಡಾಲರ್ ಠೇವಣಿಗಳನ್ನು ಒಂದು ಡಾಲರಿಗೆ 1.40 ಪೆಸೊ ಅಂತ ಬದಲಿಸಿದರು. ನಡುವಿನ 40 ಸೆಂಟಾವೊ ಬ್ಯಾಂಕುಗಳ ನಷ್ಟ, ಅದನ್ನು ಸರ್ಕಾರ ಸಾಲಪತ್ರ ಕೊಟ್ಟು ತುಂಬಿಸಬೇಕಾಯಿತು. ಅಷ್ಟರಲ್ಲಿ ಪೇಟೆಯಲ್ಲಿ ಡಾಲರ್ 3 ಪೆಸೊ ದಾಟಿತ್ತು. 10,000 ಡಾಲರ್ ಇಟ್ಟವರಿಗೆ 14,000 ಪೆಸೊ ಸಿಕ್ಕರೂ, ಪೇಟೆ ದರದಲ್ಲಿ ಅದು 5,000 ಡಾಲರೂ ಆಗುತ್ತಿರಲಿಲ್ಲ. ಆ ವರ್ಷ ಆರ್ಥಿಕತೆ ಶೇ 11ರಷ್ಟು ಕುಗ್ಗಿತು. ಅರ್ಧಕ್ಕಿಂತ ಹೆಚ್ಚು ಜನ ಬಡತನದ ಗೆರೆಯ ಕೆಳಗೆ ಬಂದರು.

ಕಾನೂನು ಇನ್ನೂ ಬಿಗಿಯಾಗಿದ್ದರೆ ಇದು ತಪ್ಪುತ್ತಿರಲಿಲ್ಲ ಅಂದದ್ದು ಇದಕ್ಕೇ. ನೋಟಿನ ಆಧಾರ ಮುಗಿದು ವ್ಯವಸ್ಥೆ ಬಿದ್ದದ್ದಲ್ಲ. ಠೇವಣಿಗೆ ಆಧಾರವಿರಲಿಲ್ಲ, ಸರ್ಕಾರದ ಸಾಲಕ್ಕೆ ತೀರುವ ದಾರಿ ಇರಲಿಲ್ಲ, ದರ ತಪ್ಪು ದೇಶದ ಹಣಕ್ಕೆ ಕಟ್ಟಿತ್ತು.

ಕಷ್ಟದ ದಿನ: ಈಕ್ವೆಡಾರ್

ಈಕ್ವೆಡಾರ್‌ಗೆ ಇಂಥದ್ದೇ ಪೆಟ್ಟು 2014ರಲ್ಲಿ ಬಿತ್ತು. ಬ್ಯಾರಲ್‌ಗೆ 100 ಡಾಲರ್ ಇದ್ದ ತೈಲ, 2016ರ ಆರಂಭಕ್ಕೆ 30ರ ಕೆಳಗೆ ಬಂತು. ಡಾಲರ್ ಬಲವಾಯಿತು. ಪಕ್ಕದ ಕೊಲಂಬಿಯಾದ ಪೆಸೊ ಡಾಲರಿಗೆ 2,000ದ ಕೆಳಗಿದ್ದದ್ದು 3,000 ದಾಟಿತು. ಈಕ್ವೆಡಾರ್‌ನ ಜನ ಗಡಿ ಸೇತುವೆ ದಾಟಿ ಇಪಿಯಾಲೆಸ್‌ಗೆ ಹೋಗಿ ಟಿವಿ, ಟೈರು, ದಿನಸಿ ತುಂಬಿಕೊಂಡು ಬರತೊಡಗಿದರು. ಈಚೆ ಕಡೆಯ ತುಲ್ಕಾನ್ ಪಟ್ಟಣದ ಅಂಗಡಿಗಳು ಖಾಲಿ ಹೊಡೆದವು. ಅದೇ ದೃಶ್ಯ ಅರ್ಜೆಂಟೀನಾ ಮತ್ತು ಬ್ರೆಜಿಲ್ ನಡುವೆ ನಡೆದದ್ದು, ಅಲ್ವಾ?

ಸರ್ಕಾರಕ್ಕೆ ದರ ಬದಲಿಸಲು ಆಗುವಂತಿರಲಿಲ್ಲ. 2015ರ ಮಾರ್ಚಿನಲ್ಲಿ ಸಾವಿರಾರು ಆಮದು ವಸ್ತುಗಳ ಮೇಲೆ ಶೇ 5ರಿಂದ 45ರವರೆಗೆ ಹೆಚ್ಚುವರಿ ಸುಂಕ ಹಾಕಿತು. 2016ರ ಏಪ್ರಿಲಿನ ಭೂಕಂಪದ ನಂತರ ಮೌಲ್ಯವರ್ಧಿತ ತೆರಿಗೆಯನ್ನು ಒಂದು ವರ್ಷದ ಮಟ್ಟಿಗೆ ಶೇ 12ರಿಂದ 14ಕ್ಕೆ ಏರಿಸಿತು. ಆರ್ಥಿಕತೆ ಸ್ವಲ್ಪ ಕುಗ್ಗಿತು. ಸಂಬಳ, ಕೆಲಸ ಎರಡಕ್ಕೂ ಹೊಡೆತ ಬಿತ್ತು. ಆದರೆ ಕೊರಾಲಿಟೊ ಬರಲಿಲ್ಲ. ದರ ಮುರಿಯುತ್ತದೆ ಅಂತ ಜನ ಬ್ಯಾಂಕಿಗೆ ಮುಗಿಬೀಳಲಿಲ್ಲ. ಮುರಿಯಲು ದರವೇ ಇರಲಿಲ್ಲ. ಡಾಲರೀಕರಣದ ನಿಜವಾದ ಲಾಭ ಇದೇ. ಕಷ್ಟ ಕಮ್ಮಿಯಾಗುವುದಿಲ್ಲ, ಆದರೆ ಕಷ್ಟದ ಮೇಲೆ ಹಣದ ಗಾಬರಿ ಬಂದು ಕೂರುವುದಿಲ್ಲ.

ಹಾಗಂತ ಕಳ್ಳದಾರಿ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಬ್ಯಾಂಕುಗಳು ತಮ್ಮ ಮೀಸಲನ್ನು ಕೇಂದ್ರ ಬ್ಯಾಂಕಿನಲ್ಲಿ ಇಟ್ಟಿರುತ್ತವೆ. ಆ ಡಾಲರನ್ನು ಕೇಂದ್ರ ಬ್ಯಾಂಕ್ ಸರ್ಕಾರಕ್ಕೆ ಸಾಲ ಕೊಟ್ಟುಬಿಟ್ಟರೆ, ಪುಸ್ತಕದಲ್ಲಿ ಬ್ಯಾಂಕುಗಳ ಮೀಸಲು ಇರುತ್ತದೆ, ತಿಜೋರಿಯಲ್ಲಿ ಡಾಲರ್ ಇರುವುದಿಲ್ಲ. ರಫೇಲ್ ಕೊರೆಯಾ ಅವರ ಆಡಳಿತದಲ್ಲಿ ಇದು ನಡೆಯಿತು. ಅರ್ಜೆಂಟೀನಾ ಆಧಾರದಲ್ಲಿ ಸರ್ಕಾರಿ ಸಾಲಪತ್ರ ತುರುಕಿದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಕೊನೆಗೆ 2021ರಲ್ಲಿ ಕೇಂದ್ರ ಬ್ಯಾಂಕ್ ಸರ್ಕಾರಕ್ಕೆ ಸಾಲ ಕೊಡುವಂತಿಲ್ಲ ಅಂತ ಕಾನೂನು ಮಾಡಬೇಕಾಯಿತು.

ಬ್ಯಾಂಕ್ ಬಿದ್ದರೆ ಯಾರು ಎತ್ತುತ್ತಾರೆ?

ಎರಡರಲ್ಲೂ ಕೇಂದ್ರ ಬ್ಯಾಂಕ್ ಹೊಸ ಹಣ ಸೃಷ್ಟಿಸಿ ಬ್ಯಾಂಕನ್ನು ಉಳಿಸಲಾರದು. ಬಲ್ಗೇರಿಯಾ 1997ರಿಂದ ಬಿಗಿಯಾದ ಬೋರ್ಡ್ ನಡೆಸಿತು. 2014ರಲ್ಲಿ ಅಲ್ಲಿನ ದೊಡ್ಡ ಬ್ಯಾಂಕುಗಳಲ್ಲೊಂದಾದ ಕಾರ್ಪೊರೇಟ್ ಕಮರ್ಷಿಯಲ್ ಬ್ಯಾಂಕ್ ಕುಸಿದಾಗ ಜನರ ಠೇವಣಿ ಜೂನ್‌ನಿಂದ ಡಿಸೆಂಬರ್‌ವರೆಗೆ ಸಿಕ್ಕಿಹಾಕಿಕೊಂಡಿತು. ಕೊನೆಗೆ ವಿಮೆಯ ನಿಧಿಯಿಂದ ಕೊಟ್ಟರು. ಆದರೆ ದರ ಅಲುಗಲಿಲ್ಲ.

ಇದಕ್ಕೆ ಪರಿಹಾರ ಮೂರೇ. ಬೋರ್ಡಿನ ಬಳಿ ನೋಟಿಗಿಂತ ತುಂಬಾ ಜಾಸ್ತಿ ಮೀಸಲು ಇರಬೇಕು. 1983ರಿಂದ ಡಾಲರಿಗೆ 7.80 ಅನ್ನುವ ದರ ಹಿಡಿದಿರುವ ಹಾಂಗ್‌ಕಾಂಗ್ ಈ ದಾರಿಯಲ್ಲಿದೆ. ಇಲ್ಲವೇ ಬ್ಯಾಂಕುಗಳು ಸೇರಿ ಒಂದು ನಿಧಿ ಕಟ್ಟಿಕೊಳ್ಳಬೇಕು, ಅಥವಾ ಹೊರದೇಶದ ದೊಡ್ಡ ಬ್ಯಾಂಕುಗಳ ಶಾಖೆಗಳು ಇದ್ದು, ಅವುಗಳ ಕೇಂದ್ರ ಕಚೇರಿ ಹಣ ಕಳಿಸಬೇಕು. ಪನಾಮ ನಿಂತಿರುವುದು ಬಹುಮಟ್ಟಿಗೆ ಹೀಗೆ.

ಆರಿಸುವಾಗ ಕೇಳಬೇಕಾದದ್ದು

ನಾನಾದರೆ ಮೊದಲು ಸಾಲಗಳು ಯಾವ ಹಣದಲ್ಲಿವೆ ಅಂತ ನೋಡುತ್ತೇನೆ. ಮನೆ ಸಾಲ, ಕಂಪನಿ ಸಾಲ, ಸರ್ಕಾರದ ಸಾಲ ಎಲ್ಲ ಸ್ವಂತ ಹಣದಲ್ಲಿದ್ದರೆ, ದರ ಬದಲಿಸುವ ದಾರಿಗೆ ಬೆಲೆ ಇದೆ. ಎರಡರಲ್ಲಿ ಒಂದು ಬೇಕೇ ಬೇಕೆಂದರೆ ಆಗ ಬೋರ್ಡ್ ಉಪಯೋಗಕ್ಕೆ ಬರುತ್ತದೆ. ಬಹುಶಃ ಎರಡೂ ಬೇಡ. ಎಲ್ಲ ಡಾಲರಿನಲ್ಲೇ ಇದ್ದರೆ, ಅರ್ಜೆಂಟೀನಾದಲ್ಲಿ ಆದ ಹಾಗೆ, ಹೊರಹೋಗುವ ಬಾಗಿಲು ತೆರೆದ ದಿನವೇ ಅರ್ಧ ದೇಶ ದಿವಾಳಿಯಾಗುತ್ತದೆ. ಅಂಥ ಬಾಗಿಲು ಬಳಸಲು ಬಾರದು, ಆದರೆ ಅದು ಇದೆ ಅನ್ನುವ ಭಯಕ್ಕೆ ಬಡ್ಡಿ ಮಾತ್ರ ಕಟ್ಟುತ್ತಿರಬೇಕು. ಆ ಸ್ಥಿತಿಯಲ್ಲಿ ಡಾಲರೀಕರಣವೇ ವಾಸಿ ಅಂತ ನನ್ನ ಅಭಿಪ್ರಾಯ.

ಎರಡನೆಯದು, ಮುಂದೆ ಎಲ್ಲಿಗೆ ಹೋಗುವುದು? ಬೋರ್ಡ್ ಒಂದು ದಾರಿಯ ನಡುವಿನ ನಿಲ್ದಾಣವಾದಾಗ ಚೆನ್ನಾಗಿ ಬಾಳಿದೆ. ಎಸ್ಟೋನಿಯಾ 1992ರಲ್ಲಿ, ಲಿಥುವೇನಿಯಾ 1994ರಲ್ಲಿ ಬೋರ್ಡ್ ಶುರು ಮಾಡಿ, 2011 ಮತ್ತು 2015ರಲ್ಲಿ ಯೂರೊ ಸೇರಿದವು. ಬಲ್ಗೇರಿಯಾ 2026ರ ಜನವರಿಯಲ್ಲಿ ಸೇರಿತು. ಅವರ ವ್ಯಾಪಾರ ಯುರೋಪಿನ ಜೊತೆಯೇ ಇದ್ದುದರಿಂದ ದರವೂ ಸರಿಯಾದ ಹಣಕ್ಕೆ ಕಟ್ಟಿತ್ತು. ಯೂರೊ ಸೇರಿದರೆ ನೀತಿ ಮಾಡುವ ಸಭೆಯಲ್ಲಿ ಒಂದು ಕುರ್ಚಿಯೂ ಸಿಗುತ್ತದೆ. ಡಾಲರ್ ಬಳಸುವ ಈಕ್ವೆಡಾರ್‌ಗೆ ವಾಷಿಂಗ್ಟನ್‌ನಲ್ಲಿ ಅಂಥ ಕುರ್ಚಿ ಇಲ್ಲ.

ಮೂರನೆಯದು ಬಜೆಟ್. ಮುದ್ರಣ ಯಂತ್ರ ಇಲ್ಲದೆ ಸರ್ಕಾರ ಎಷ್ಟು ದಿನ ಬದುಕಬಲ್ಲದು? ಕೊರತೆ ತುಂಬಲು ಸಾಲ ಸಿಗದಿದ್ದರೆ ಪಟಕೋನ್ ಬರುತ್ತದೆ, ಇಲ್ಲವೇ ಬ್ಯಾಂಕುಗಳ ಮೀಸಲಿಗೆ ಕೈ ಹೋಗುತ್ತದೆ. ವ್ಯವಸ್ಥೆ ಹದಗೆಡುತ್ತಿದೆ ಅಂತ ಹೊರಗಿನಿಂದ ತಿಳಿಯುವುದೂ ಇವುಗಳಿಂದಲೇ. ಬೋರ್ಡಿನ ದೇಶದಲ್ಲಿ ಸ್ವಂತ ಹಣದ ಬಡ್ಡಿ ಮತ್ತು ಡಾಲರ್ ಬಡ್ಡಿಯ ನಡುವಿನ ಅಂತರ ನೋಡಬೇಕು. ಅದು ಅಗಲವಾಗುತ್ತಾ ಹೋದರೆ ಜನ ಬಾಗಿಲು ನೋಡುತ್ತಿದ್ದಾರೆ ಅಂತ ಅರ್ಥ. ಡಾಲರೀಕರಣದ ದೇಶದಲ್ಲಿ ಕೇಂದ್ರ ಬ್ಯಾಂಕಿನ ಆಯವ್ಯಯ ಪಟ್ಟಿ ನೋಡಬೇಕು. ಬ್ಯಾಂಕುಗಳಿಗೆ ಕೊಡಬೇಕಾದ ಮೀಸಲಿಗಿಂತ ಅದರ ಬಳಿ ಇರುವ ನಿಜವಾದ ಡಾಲರ್ ಕಮ್ಮಿಯಾಗುತ್ತಿದೆಯಾ ಅನ್ನುವುದು ಅಲ್ಲಿ ಕಾಣುತ್ತದೆ.

ಕೊನೆಯದು, ಕೈಯಲ್ಲಿ ಡಾಲರ್ ಇದೆಯಾ? ಹಾವಿಯೆರ್ ಮಿಲೇಯಿ 2023ರಲ್ಲಿ ಅರ್ಜೆಂಟೀನಾವನ್ನು ಡಾಲರೀಕರಣ ಮಾಡುತ್ತೇನೆ ಅಂತ ಹೇಳಿ ಅಲ್ಲಿನ ಅಧ್ಯಕ್ಷ ಚುನಾವಣೆ ಗೆದ್ದರು. ಅಧಿಕಾರಕ್ಕೆ ಬಂದಾಗ ಕೇಂದ್ರ ಬ್ಯಾಂಕಿನ ನಿವ್ವಳ ಮೀಸಲು ಸೊನ್ನೆಗಿಂತ ಕೆಳಗಿತ್ತು. ಹೊರಗಿದ್ದ ಪೆಸೊಗಳನ್ನು ಕೊಳ್ಳಲು ಡಾಲರ್ ಇರಲಿಲ್ಲ. ಇದ್ದಷ್ಟರಲ್ಲಿ ಕೊಳ್ಳಬೇಕೆಂದರೆ ಈಕ್ವೆಡಾರ್‌ನ 25,000ದಂತೆ ಜನರ ಉಳಿತಾಯ ಕರಗಿಸುವ ದರ ಬೇಕಿತ್ತು. ಅವರು ಆ ಡಿಸೆಂಬರಿನಲ್ಲಿ ಪೆಸೊವನ್ನು ಡಾಲರಿಗೆ 800ಕ್ಕೆ ಇಳಿಸಿದರು. ಪೆಸೊವನ್ನು ಮಾತ್ರ ಉಳಿಸಿಕೊಂಡರು.